ಮುಕ್ಕಾಲಿನಿಂದ ಭಾಗಿಸುವುದು ಅಂದರೆ ಏನು? ‘ಉಲ್ಟಾ ಮಾಡಿ ಗುಣಿಸು’ ಅನ್ನುವುದರ ಒಳಗಿನ ಲೆಕ್ಕ

ಪ್ರಶ್ನೆ: ಸರ್, ನಮ್ಮದು ದಾವಣಗೆರೆ. ಮಗ ಏಳನೇ ಕ್ಲಾಸು. ಅವನ ವರ್ಕ್‌ಶೀಟ್ ಫೋಟೋ ಕಳಿಸಿದ್ದೇನೆ. ಮೊದಲನೇ ಲೆಕ್ಕ 3 ÷ ¼. ಉತ್ತರ 12 ಅಂದರೆ ಅವನು ಒಪ್ಪುತ್ತಿಲ್ಲ. ‘ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕು ಅಲ್ವಾ ಅಮ್ಮಾ, ಜಾಸ್ತಿ ಹೆಂಗಾಯ್ತು?’ ಅಂತಾನೆ. ನಾಲ್ಕನೇ ಲೆಕ್ಕ 2½ ÷ ¾. ಅದಕ್ಕೆ ಚಿತ್ರ ಬಿಡಿಸಿ 3¼ ಅಂತ ಬರೆದಿದ್ದಾನೆ. ನಾನು ಉಲ್ಟಾ ಮಾಡಿ ಗುಣಿಸಿದರೆ 3⅓ ಬಂತು. ಅವನ ಚಿತ್ರ ನೋಡಿದರೆ ಅದೂ ಸರಿ ಅನ್ನಿಸುತ್ತೆ. ಐದನೆಯದು ⅔ ÷ 4, ಅದಕ್ಕೆ 6 ಅಂತ ಬರೆದಿದ್ದಾನೆ. ಉಲ್ಟಾ ಯಾಕೆ ಮಾಡಬೇಕು ಅಂತ ಕೇಳಿದರೆ ನನಗೇ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಸುಮ್ನೆ ಬಾಯಿಪಾಠ ಮಾಡಿಸಿದ್ದರು. ಹೇಗೆ ಹೇಳಿಕೊಡಲಿ?

ಉತ್ತರ: ನಿಮ್ಮ 3⅓ ಸರಿ. ಆದರೆ ನಿಮ್ಮ ಮಗನ ಕಾಲು ಎಲ್ಲಿಂದಲೋ ಉದುರಿದ್ದಲ್ಲ. ಅವನ ಚಿತ್ರದಲ್ಲಿ ನಿಜವಾಗಿಯೂ ಕಾಲು ಉಳಿದಿದೆ. ಉಳಿದದ್ದನ್ನು ಅವನು ಸರಿಯಾಗಿ ನೋಡಿದ್ದಾನೆ, ಅದಕ್ಕೆ ಕೊಟ್ಟ ಹೆಸರು ಮಾತ್ರ ತಪ್ಪಿದೆ. ಹಿರಿಯ ಪ್ರಾಥಮಿಕ ತರಗತಿಗಳಿಗೆ ಗಣಿತ ಹೇಳಿದವನಾಗಿ ಒಂದು ಮಾತು ಹೇಳುತ್ತೇನೆ. ನಿಯಮ ಬಾಯಿಪಾಠ ಮಾಡಿ 3⅓ ಬರೆಯುವ ಹುಡುಗರಿಗಿಂತ, ಚಿತ್ರ ಬಿಡಿಸಿ 3¼ ಬರೆಯುವ ಹುಡುಗನಿಗೆ ಈ ಪಾಠ ಹೇಳಿಕೊಡುವುದು ಸುಲಭ. ಅವನ ಚಿತ್ರವನ್ನು ಅಳಿಸಬೇಡಿ, ಮುಂದೆ ಬೇಕಾಗುತ್ತದೆ.

ಅದಕ್ಕೂ ಮೊದಲು ಫೋಟೋ ಬಗ್ಗೆ ಎರಡು ಮಾತು. ಜೆರಾಕ್ಸ್ ಮಾಡಿದ ಹಾಳೆಯನ್ನು ಫೋನಿನಲ್ಲಿ ತೆಗೆದಾಗ ÷ ಚಿಹ್ನೆಯ ಚುಕ್ಕಿಗಳು ಗೆರೆಗೆ ಅಂಟಿಕೊಂಡು + ಥರ ಕಾಣುತ್ತವೆ. ಚುಕ್ಕಿ ಅಳಿಸಿಹೋದರೆ ಕಳೆಯುವ ಚಿಹ್ನೆಯೇ ಆಗಿಬಿಡುತ್ತದೆ. ನಿಮ್ಮ ಹಾಳೆಯ ಎರಡನೇ ಲೆಕ್ಕ ಹಾಗೇ ಕಾಣುತ್ತಿದೆ, ಮೂಲ ಹಾಳೆಯಲ್ಲಿ ನೋಡಿಕೊಳ್ಳಿ. ಇನ್ನೊಂದು, ನಾಲ್ಕನೇ ಲೆಕ್ಕದ 2½ ಫೋಟೋದಲ್ಲಿ 21/2 ಅಂತ ಓದುವ ಹಾಗಿದೆ. 21/2 ಅಂದರೆ ಹತ್ತೂವರೆ. ಅದು ಎರಡೂವರೆ ಅಂತ ಖಚಿತ ಮಾಡಿಕೊಂಡೇ ಮುಂದುವರಿಯಿರಿ. ಸಾಧ್ಯವಾದಾಗಲೆಲ್ಲ ಲೆಕ್ಕವನ್ನು ಬಾಯಿಬಿಟ್ಟು ಓದಿಸಿ: ‘ಎರಡೂವರೆಯಲ್ಲಿ ಮುಕ್ಕಾಲು ಎಷ್ಟು ಸಲ?’ ಕಾಲು, ಅರ್ಧ, ಮುಕ್ಕಾಲು, ಎರಡೂವರೆ ಅನ್ನುವ ಮಾತುಗಳು ಮಕ್ಕಳಿಗೆ ಮನೆಯಲ್ಲೇ ಬಂದಿರುತ್ತವೆ. ಮೇಲೆ ಮೂರು ಕೆಳಗೆ ನಾಲ್ಕು ಅಂತ ಓದಿದರೆ ಎರಡು ಬೇರೆ ಬೇರೆ ಸಂಖ್ಯೆಗಳು ಕಾಣುತ್ತವೆ. ಮುಕ್ಕಾಲು ಅಂದರೆ ಒಂದೇ ಅಳತೆ ಕಾಣುತ್ತದೆ.

ಈಗ ಅವನ ಮೊದಲನೇ ತಕರಾರು. ಭಾಗಿಸಿದರೆ ಕಡಿಮೆ ಆಗಲೇಬೇಕು ಅನ್ನುವುದು ಮೂರನೇ ಕ್ಲಾಸಿನಿಂದ ಅವನು ಕಂಡುಕೊಂಡ ಸತ್ಯ. ಅಲ್ಲಿಯವರೆಗೆ ಮಾಡಿದ ಭಾಗಾಕಾರಗಳಲ್ಲೆಲ್ಲ ಪೂರ್ಣ ಸಂಖ್ಯೆಯಿಂದಲೇ ಭಾಗಿಸಿದ್ದ, ಹಾಗಾಗಿ ಅದು ನಿಜವೂ ಆಗಿತ್ತು. ಅದನ್ನು ‘ತಪ್ಪು’ ಅಂತ ತಳ್ಳಿಹಾಕಿದರೆ ಅವನು ನಂಬುವುದಿಲ್ಲ. ಅದು ಎಲ್ಲಿಯವರೆಗೆ ನಿಜ ಅಂತ ತೋರಿಸಬೇಕು.

ಭಾಗಾಕಾರದಲ್ಲಿ ಎರಡು ಥರದ ಪ್ರಶ್ನೆಗಳಿವೆ. 12 ÷ 3 ತೆಗೆದುಕೊಳ್ಳಿ. ‘12 ಬಾಳೆಹಣ್ಣನ್ನು 3 ಜನಕ್ಕೆ ಹಂಚಿದರೆ ಒಬ್ಬರಿಗೆ ಎಷ್ಟು?’ ಅಂತಲೂ ಕೇಳಬಹುದು. ‘12 ಬಾಳೆಹಣ್ಣನ್ನು ಮೂರು ಮೂರರಂತೆ ಕಟ್ಟಿದರೆ ಎಷ್ಟು ಕಟ್ಟು?’ ಅಂತಲೂ ಕೇಳಬಹುದು. ಎರಡಕ್ಕೂ ಉತ್ತರ 4. ಶಾಲೆಯಲ್ಲಿ ಮೊದಲು ಹೇಳುವುದು ಹಂಚುವ ಪ್ರಶ್ನೆ, ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂರುವುದೂ ಅದೇ. ಆದರೆ 3 ÷ ¼ ಬಂದಾಗ ‘ಕಾಲು ಜನಕ್ಕೆ ಹಂಚು’ ಅಂದರೆ ಹುಡುಗ ಏನು ಮಾಡಬೇಕು ಹೇಳಿ? ಅಲ್ಲಿ ಎರಡನೇ ಪ್ರಶ್ನೆಯೇ ಬೇಕು. 3ರಲ್ಲಿ ಕಾಲು ಎಷ್ಟು ಸಲ ಇದೆ?

ದಾವಣಗೆರೆಯಲ್ಲಿ ಇದಕ್ಕೆ ಸಾಮಾನು ಹುಡುಕಬೇಕಾಗಿಲ್ಲ. ಮೂರು ಸೇರು ಮಂಡಕ್ಕಿ, ಒಂದು ಪಾವು, ಇಷ್ಟು ಸಾಕು. ಒಂದು ಸೇರಿಗೆ ನಾಲ್ಕು ಪಾವು, ಅಂದರೆ ಪಾವು ಎಂದರೆ ಕಾಲು ಸೇರು. ಮೂರು ಸೇರನ್ನು ಪಾವಿನಲ್ಲಿ ಅಳೆದು ತೆಗೆಯುತ್ತಾ ಹೋದರೆ ಹನ್ನೆರಡು ಸಲ ತುಂಬಿ ಸುರಿಯಬೇಕು. ಮಂಡಕ್ಕಿ ಜಾಸ್ತಿ ಆಗಲಿಲ್ಲ, ಇದ್ದದ್ದು ಮೂರೇ ಸೇರು. ಅಳತೆ ಸಣ್ಣದಾದ್ದರಿಂದ ಎಣಿಕೆ ಜಾಸ್ತಿಯಾಯಿತು. ಮನೆಯಲ್ಲಿ ಸೇರು ಪಾವು ಇಲ್ಲದಿದ್ದರೆ ದೊಡ್ಡ ಲೋಟವನ್ನೇ ಸೇರು ಅನ್ನಿ, ಅದರ ಕಾಲು ಭಾಗ ಹಿಡಿಯುವ ಬಟ್ಟಲನ್ನು ಪಾವು ಅನ್ನಿ. ಅವನ ಕೈಯಲ್ಲೇ ಅಳೆಸಿ, ನೀವು ಅಳೆದು ತೋರಿಸಬೇಡಿ.

ಆಮೇಲೆ ಒಂದು ಸಾಲು ಬರೆಸಿ. 6 ÷ 3 = 2. 6 ÷ 2 = 3. 6 ÷ 1 = 6. ಇಲ್ಲಿ ನಿಲ್ಲಿಸಿ, ಭಾಜಕ, ಅಂದರೆ ಯಾವುದರಿಂದ ಭಾಗಿಸುತ್ತೇವೋ ಆ ಸಂಖ್ಯೆ, ಸಣ್ಣದಾಗುತ್ತಾ ಹೋದ ಹಾಗೆ ಉತ್ತರಕ್ಕೆ ಏನಾಗುತ್ತಿದೆ ಅಂತ ಕೇಳಿ. ದೊಡ್ಡದಾಗುತ್ತಿದೆ. ಹಾಗಾದರೆ 1ಕ್ಕಿಂತ ಸಣ್ಣದು ಬಂದರೆ ಉತ್ತರ 6ನ್ನು ದಾಟಲೇಬೇಕು. 6 ÷ ½ = 12, 6 ÷ ¼ = 24. ಅವನ ಹಳೆಯ ಸತ್ಯಕ್ಕೆ ಗಡಿ ಸಿಕ್ಕಿತು: ಭಾಜಕ 1ಕ್ಕಿಂತ ದೊಡ್ಡದಾದರೆ ಉತ್ತರ ಕಡಿಮೆ, 1 ಆದರೆ ಇದ್ದಷ್ಟೇ, 1ಕ್ಕಿಂತ ಸಣ್ಣದಾದರೆ ಜಾಸ್ತಿ. ಇದನ್ನು ನಿರ್ಧರಿಸುವುದು ಎರಡನೇ ಸಂಖ್ಯೆ ಮಾತ್ರ. ಮೊದಲನೆಯದು ಭಿನ್ನರಾಶಿ ಆಗಿರಲಿ ಬಿಡಲಿ, ಲೆಕ್ಕಕ್ಕಿಲ್ಲ. ಪ್ರತಿ ಲೆಕ್ಕಕ್ಕೂ ಪೆನ್ಸಿಲ್ ಇಡುವ ಮೊದಲು ‘ಉತ್ತರ ಜಾಸ್ತಿ ಬರುತ್ತಾ, ಕಮ್ಮಿ ಬರುತ್ತಾ?’ ಅಂತ ಹೇಳಿಸಿ. ಐದನೇ ಲೆಕ್ಕದಲ್ಲಿ ಇದರ ಉಪಯೋಗ ಗೊತ್ತಾಗುತ್ತದೆ.

ಇನ್ನು ನಿಮ್ಮಿಬ್ಬರ ಜಗಳದ ಲೆಕ್ಕ, 2½ ÷ ¾. ಇದರಲ್ಲಿ ಪಾಠದ ತಿರುಳೆಲ್ಲ ಇದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಮನೆಯಲ್ಲಿ ಎರಡೂವರೆ ಸೇರು ಮಂಡಕ್ಕಿ ಇದೆ ಅಂದುಕೊಳ್ಳಿ. ಒಂದೊಂದು ಪೊಟ್ಟಣಕ್ಕೆ ಮುಕ್ಕಾಲು ಸೇರು ಹಾಕಿ ಕಟ್ಟಬೇಕು. ಎಷ್ಟು ಪೊಟ್ಟಣ? ಲೆಕ್ಕದ ಪುಸ್ತಕದ ಚೌಕಗಳಲ್ಲಿ, ಒಂದು ಚೌಕ ಅಂದರೆ ಒಂದು ಪಾವು ಅಂತ ಇಟ್ಟುಕೊಂಡು ಬಿಡಿಸಲಿ. ಎರಡು ಸೇರಿಗೆ ಎಂಟು ಚೌಕ, ಅರ್ಧ ಸೇರಿಗೆ ಎರಡು, ಒಟ್ಟು ಹತ್ತು ಚೌಕ ಒಂದೇ ಸಾಲಿನಲ್ಲಿ. ಪೊಟ್ಟಣಕ್ಕೆ ಮುಕ್ಕಾಲು ಸೇರು ಅಂದರೆ ಮೂರು ಪಾವು. ಮೂರು ಮೂರು ಚೌಕಕ್ಕೆ ಸುತ್ತು ಹಾಕುತ್ತಾ ಹೋಗಲಿ. ಮೂರು ಸುತ್ತು ಆಗುತ್ತದೆ, ಒಂಬತ್ತು ಚೌಕ ಮುಗಿಯುತ್ತದೆ, ಒಂದು ಚೌಕ ಒಂಟಿಯಾಗಿ ಉಳಿಯುತ್ತದೆ.

ಆ ಒಂದು ಚೌಕ ಕಾಲು ಸೇರು. ನಿಮ್ಮ ಮಗ ಅದನ್ನೇ ನೋಡಿ ಮೂರೂಕಾಲು ಅಂದ. ಈಗ ಅವನನ್ನು ಕೇಳಿ: ‘ಮೂರು ಏನು? ಕಾಲು ಏನು?’ ಮೂರು ಪೊಟ್ಟಣ. ಕಾಲು ಸೇರು. ಮೂರು ಪೊಟ್ಟಣ ಮತ್ತು ಕಾಲು ಸೇರನ್ನು ಸೇರಿಸಿ ಮೂರೂಕಾಲು ಅನ್ನಲಾಗುವುದಿಲ್ಲ. ಅದು ಮೂರೂಕಾಲು ಪೊಟ್ಟಣವೂ ಅಲ್ಲ, ಮೂರೂಕಾಲು ಸೇರೂ ಅಲ್ಲ. ಪ್ರಶ್ನೆ ಕೇಳಿದ್ದು ಪೊಟ್ಟಣದ ಎಣಿಕೆಯನ್ನು, ಹಾಗಾಗಿ ಉಳಿದದ್ದನ್ನೂ ಪೊಟ್ಟಣದಲ್ಲೇ ಹೇಳಬೇಕು. ಒಂದು ಪೊಟ್ಟಣ ತುಂಬಲು ಮೂರು ಚೌಕ ಬೇಕು, ಕೈಯಲ್ಲಿರುವುದು ಒಂದು. ಅಂದರೆ ಪೊಟ್ಟಣದ ಮೂರನೇ ಒಂದು ಭಾಗ. ಉತ್ತರ 3⅓. ಅದೇ ಒಂದು ಚೌಕ ಸೇರಿನ ಲೆಕ್ಕದಲ್ಲಿ ¼, ಪೊಟ್ಟಣದ ಲೆಕ್ಕದಲ್ಲಿ ⅓.

ಇಷ್ಟು ಹೇಳಿದ ಮೇಲೂ ಅವನಿಗೆ ಅನುಮಾನ ಉಳಿದರೆ ವಾಪಸ್ ಗುಣಿಸಿ ನೋಡಲಿ. ಉತ್ತರವನ್ನು ಭಾಜಕದಿಂದ ಗುಣಿಸಿದರೆ ಮೊದಲ ಸಂಖ್ಯೆ ಬರಬೇಕು, ಇದು ಪೂರ್ಣ ಸಂಖ್ಯೆಗಳ ಕಾಲದಿಂದಲೂ ಅವನಿಗೆ ಗೊತ್ತಿರುವ ತಾಳೆ. 3⅓ ಅಂದರೆ 10/3. ಅದನ್ನು ¾ ರಿಂದ ಗುಣಿಸಿದರೆ 30/12, ಅಂದರೆ 2½. ಸರಿಹೋಯಿತು. ಅವನ 3¼ ಅಂದರೆ 13/4. ಅದನ್ನು ¾ ರಿಂದ ಗುಣಿಸಿದರೆ 39/16, ಅಂದರೆ 2 7/16. ಎರಡೂವರೆ ಅಂದರೆ 2 8/16. ಹದಿನಾರನೇ ಒಂದು ಭಾಗ ಕಡಿಮೆ ಬಿತ್ತು. ಹಳೆಯ ಅಳತೆಯಲ್ಲಿ ಸೇರಿನ ಹದಿನಾರನೇ ಒಂದು ಭಾಗಕ್ಕೆ ಚಟಾಕು ಅನ್ನುತ್ತಿದ್ದರು. ಅಂದರೆ ಅವನ ಲೆಕ್ಕದಲ್ಲಿ ಒಂದು ಚಟಾಕು ಮಂಡಕ್ಕಿ ಕಾಣೆಯಾಗಿದೆ! ಮನೆಯಲ್ಲಿ ಅಜ್ಜಿ ಇದ್ದರೆ ಈ ಮಾತನ್ನು ಅವರ ಮುಂದೆ ಹೇಳಿ, ಪಾವು ಚಟಾಕಿನ ಲೆಕ್ಕ ಅವರ ಬಾಯಲ್ಲಿ ಸಲೀಸಾಗಿ ಬರುತ್ತದೆ.

ಇಲ್ಲಿ ಒಂದು ಎಚ್ಚರ. ಇದೇ ಲೆಕ್ಕ ಮಾತಿನ ಲೆಕ್ಕವಾಗಿ ಬಂದಾಗ ಪ್ರಶ್ನೆ ಏನು ಕೇಳಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ‘ಎಷ್ಟು ಪೂರ್ತಿ ಪೊಟ್ಟಣ ಕಟ್ಟಬಹುದು?’ ಅಂದರೆ 3. ‘ಎಷ್ಟು ಮಂಡಕ್ಕಿ ಉಳಿಯುತ್ತದೆ?’ ಅಂದರೆ ¼ ಸೇರು, ಅಲ್ಲಿ ಅವನ ಕಾಲು ನೂರಕ್ಕೆ ನೂರು ಸರಿ. ಬರೀ 2½ ÷ ¾ ಅಂತ ಕೊಟ್ಟಿದ್ದರೆ ಮಾತ್ರ 3⅓. ಹೀಗಾಗಿ ಅವನ ಉತ್ತರದ ಪಕ್ಕ ಸುಮ್ನೆ ತಪ್ಪು ಗುರುತು ಹಾಕಬೇಡಿ. ‘3 ಪೊಟ್ಟಣ, ¼ ಸೇರು ಉಳಿಕೆ’ ಅಂತ ಅವನ ಕೈಯಲ್ಲೇ ಬರೆಸಿ, ಅದರ ಕೆಳಗೆ 3⅓ ಬರೆಸಿ.

ಈ ಚಿತ್ರದಲ್ಲಿ ನಾವು ಮಾಡಿದ್ದೇನು ಅಂತ ಈಗ ಅಂಕಿಯಲ್ಲಿ ನೋಡೋಣ. ಎರಡೂವರೆಯನ್ನೂ ಮುಕ್ಕಾಲನ್ನೂ ಪಾವಿಗೆ ಇಳಿಸಿದೆವು. 2½ ಅಂದರೆ 5/2, ಅದನ್ನು ನಾಲ್ಕನೇ ಭಾಗಗಳಲ್ಲಿ ಬರೆದರೆ 10/4. ಇನ್ನೊಂದು 3/4. ಎರಡರ ಛೇದವೂ ಒಂದೇ ಆಯಿತು. ಅಳತೆ ಒಂದೇ ಆದ ಮೇಲೆ ಛೇದದ ಕೆಲಸ ಮುಗಿಯಿತು. ಹತ್ತು ಪಾವಿನಲ್ಲಿ ಮೂರು ಪಾವು ಎಷ್ಟು ಸಲ ಅಂದರೆ 10 ÷ 3, ಅಂದರೆ 10/3. ಛೇದ ಒಂದು ಮಾಡಿಕೊಳ್ಳುವುದು ಕೂಡುವಾಗ, ಕಳೆಯುವಾಗ ಅವನಿಗೆ ಬಂದಿರುವ ವಿದ್ಯೆಯೇ. ಭಾಗಿಸುವುದಕ್ಕೂ ಅದೇ ಸಾಕು. ಉಲ್ಟಾ ಮಾಡದೆಯೇ ಯಾವ ಭಿನ್ನರಾಶಿಯನ್ನಾದರೂ ಹೀಗೆ ಭಾಗಿಸಬಹುದು.

ಈ ದಾರಿಯಲ್ಲಿ ಮಕ್ಕಳು ಬೀಳುವ ಒಂದು ಗುಂಡಿ ಇದೆ. 10/4 ಮತ್ತು 3/4 ಕೂಡಿದಾಗ 13/4 ಬರುತ್ತದೆ, ಛೇದ 4 ಹಾಗೇ ಉಳಿಯುತ್ತದೆ. ಆ ಅಭ್ಯಾಸದಿಂದ ಭಾಗಿಸುವಾಗಲೂ 4 ಉಳಿಸಿಕೊಂಡು, 10 ÷ 3ರ ಉತ್ತರದ ಕೆಳಗೆ ಇನ್ನೊಂದು 4 ಬರೆದುಬಿಡುತ್ತಾರೆ. ಕೂಡಿದಾಗ ಬರುವ ಉತ್ತರ ಮಂಡಕ್ಕಿ, ಅದಕ್ಕೆ ಪಾವು ಅನ್ನುವ ಅಳತೆ ಬೇಕು. ಭಾಗಿಸಿದಾಗ ಬರುವ ಉತ್ತರ ‘ಎಷ್ಟು ಸಲ’ ಅನ್ನುವ ಎಣಿಕೆ, ಅದಕ್ಕೆ ಪಾವು ಬೇಡ. ಮಗ ಛೇದ ಉಳಿಸಿಕೊಂಡಿದ್ದು ಕಂಡರೆ ‘ಉತ್ತರ ಸೇರಾ, ಪೊಟ್ಟಣಾ?’ ಅಂತ ಕೇಳಿದರೆ ಸಾಕು.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆಗೆ ಬರೋಣ. ಉಲ್ಟಾ ಯಾಕೆ?

ಎರಡೂವರೆ ಸೇರನ್ನು ಸ್ವಲ್ಪ ಪಕ್ಕಕ್ಕಿಡಿ. ಒಂದೇ ಒಂದು ಸೇರು ತೆಗೆದುಕೊಳ್ಳಿ. ಅದರಲ್ಲಿ ಎಷ್ಟು ಪೊಟ್ಟಣ ಆಗುತ್ತದೆ? ಒಂದು ಸೇರು ಅಂದರೆ ನಾಲ್ಕು ಪಾವು, ಪೊಟ್ಟಣಕ್ಕೆ ಮೂರು ಪಾವು. ಒಂದು ಪೊಟ್ಟಣ ತುಂಬಿ, ಇನ್ನೊಂದರ ಮೂರನೇ ಒಂದು ಭಾಗ ಆಗುತ್ತದೆ. ಒಟ್ಟು 4/3 ಪೊಟ್ಟಣ. ಮುಕ್ಕಾಲು ಅಂದರೆ 3/4. ಅದು ತಿರುಗಿ 4/3 ಆದದ್ದು ಹೀಗೆ. 4/3 ಅನ್ನುವುದು ‘ಒಂದು ಸೇರಿಗೆ ಎಷ್ಟು ಪೊಟ್ಟಣ’ ಅನ್ನುವ ಪ್ರಶ್ನೆಗೆ ಉತ್ತರ. ಒಂದು ಸೇರಿಗೆ 4/3 ಪೊಟ್ಟಣವಾದರೆ ಎರಡೂವರೆ ಸೇರಿಗೆ ಅದರ ಎರಡೂವರೆ ಪಟ್ಟು. ಆದ್ದರಿಂದ 5/2 × 4/3. ಉತ್ತರ 20/6, ಸುಲಭ ರೂಪದಲ್ಲಿ 10/3. ಭಾಗಾಕಾರ ಗುಣಾಕಾರವಾಗಿ ಬದಲಾದದ್ದೂ ಇಲ್ಲೇ. ಒಂದರ ಲೆಕ್ಕ ಗೊತ್ತಾದ ಮೇಲೆ ಉಳಿದದ್ದು ಗುಣಿಸುವ ಕೆಲಸವೇ. ಕಿರಾಣಿ ಅಂಗಡಿಯವರು ದಿನವೂ ಮಾಡುವುದು ಅದನ್ನೇ.

ಮಗನ ಕೈಯಲ್ಲಿ ಇನ್ನೂ ಕೆಲವು ಅಳತೆಗಳಿಗೆ ‘ಒಂದರಲ್ಲಿ ಎಷ್ಟು’ ಅಂತ ಕಂಡುಹಿಡಿಸಿ. ಪೊಟ್ಟಣ ಕಾಲು ಸೇರಿನದಾದರೆ ಒಂದು ಸೇರಿಗೆ 4. ಅರ್ಧ ಸೇರಿನದಾದರೆ 2. ಪೊಟ್ಟಣ 2/5 ಸೇರಿನದಾದರೆ? ಒಂದು ಸೇರನ್ನು ಐದು ಪಾಲು ಮಾಡಿ, ಎರಡೆರಡು ಪಾಲು ಒಂದು ಪೊಟ್ಟಣಕ್ಕೆ. ಐದರಲ್ಲಿ ಎರಡು ಎರಡೂವರೆ ಸಲ, ಅಂದರೆ 5/2. ಪ್ರತಿ ಸಲವೂ ಅಂಶ, ಛೇದ ಜಾಗ ಬದಲಾಯಿಸಿಕೊಳ್ಳುತ್ತಿವೆ ಅನ್ನುವುದನ್ನು ಅವನೇ ಗಮನಿಸಲಿ, ನೀವು ಬಾಯಿ ಬಿಡಬೇಡಿ. ಪುಸ್ತಕದಲ್ಲಿ ಇದಕ್ಕೆ ವ್ಯುತ್ಕ್ರಮ ಅನ್ನುತ್ತಾರೆ. ಆ ಹೆಸರನ್ನು ಕೊನೆಗೆ ಹೇಳಿದರೂ ನಡೆಯುತ್ತದೆ.

ಎರಡನೇ ಭಿನ್ನರಾಶಿಯನ್ನೇ ಯಾಕೆ ತಿರುಗಿಸಬೇಕು, ಮೊದಲನೆಯದನ್ನು ಯಾಕಿಲ್ಲ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಮೊದಲನೆಯದು ಇರುವ ಮಂಡಕ್ಕಿ, ಅದನ್ನು ಮುಟ್ಟುವ ಹಾಗಿಲ್ಲ. ಎರಡನೆಯದು ಪೊಟ್ಟಣದ ಅಳತೆ. ‘ಒಂದು ಸೇರಿಗೆ ಎಷ್ಟು’ ಅಂತ ಕೇಳುವುದು ಅದರ ಬಗ್ಗೆ ಮಾತ್ರ.

ಈ ನಿಯಮ ನಮ್ಮ ನಾಡಿಗೆ ಹೊಸದೇನಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ ಇದ್ದ ಮಹಾವೀರಾಚಾರ್ಯ ಭಾಜಕದ ಛೇದವನ್ನು ಅಂಶವನ್ನಾಗಿ ಮಾಡಿಕೊಂಡು ಗುಣಿಸು ಅಂತ ಆಗಲೇ ಬರೆದಿಟ್ಟಿದ್ದಾನೆ. ಅವನು ಬರೆದದ್ದು ಸಂಸ್ಕೃತ ಶ್ಲೋಕದಲ್ಲಿ. ಶ್ಲೋಕ ಇದ್ದದ್ದೇ ಬಾಯಿಪಾಠಕ್ಕೆ, ಹಾಗಾಗಿ ನಮ್ಮ ಮೇಷ್ಟ್ರುಗಳನ್ನು ಪೂರ್ತಿ ಬೈಯುವ ಹಾಗೂ ಇಲ್ಲ.

ಐದನೇ ಲೆಕ್ಕ, ⅔ ÷ 4. ಇಲ್ಲಿ ಪೊಟ್ಟಣ ಕಟ್ಟುವ ಪ್ರಶ್ನೆ ಹೊಂದುವುದಿಲ್ಲ. ಮೂರನೇ ಎರಡು ಭಾಗದಲ್ಲಿ 4 ಎಷ್ಟು ಸಲ ಇದೆ ಅಂದರೆ ಒಂದು ಸಲವೂ ತುಂಬುವುದಿಲ್ಲ. ಇಲ್ಲಿ ಹಳೆಯ ಹಂಚುವ ಪ್ರಶ್ನೆಗೇ ಹೋಗಿ: ⅔ ಎಕರೆ ಜಮೀನನ್ನು ನಾಲ್ಕು ಜನಕ್ಕೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು? ಒಂದು ಆಯತ ಬಿಡಿಸಿ, ಅದು ಒಂದು ಎಕರೆ. ಉದ್ದುದ್ದ ಮೂರು ಪಟ್ಟಿ ಮಾಡಿ, ಎರಡಕ್ಕೆ ಬಣ್ಣ ಹಚ್ಚಿ. ಬಣ್ಣದ ಎರಡು ಪಟ್ಟಿಯನ್ನು ನಾಲ್ಕು ಜನಕ್ಕೆ ಕೊಡಬೇಕಾದರೆ ಒಂದೊಂದು ಪಟ್ಟಿಯನ್ನು ಎರಡು ಮಾಡಬೇಕು. ಅಡ್ಡ ಗೆರೆಯನ್ನು ಬಣ್ಣವಿಲ್ಲದ ಪಟ್ಟಿಯ ಮೇಲೂ ಎಳೆಯಿರಿ, ಇದನ್ನು ಮರೆಯಬೇಡಿ. ಎಳೆಯದಿದ್ದರೆ ಹುಡುಗ ಬಣ್ಣದ ತುಂಡುಗಳನ್ನು ಮಾತ್ರ ಎಣಿಸಿ ಒಂದು ಪಾಲನ್ನು ¼ ಅನ್ನುತ್ತಾನೆ. ಪೂರ್ತಿ ಎಳೆದರೆ ಎಕರೆಯಲ್ಲಿ ಆರು ತುಂಡು ಕಾಣುತ್ತವೆ, ಒಬ್ಬರಿಗೆ ಒಂದು ತುಂಡು. ಉತ್ತರ 1/6 ಎಕರೆ.

ಅವನಿಗೆ 6 ಬಂದದ್ದು ಹೇಗೆ? ಬರೆದಿರುವುದು ನೋಡಿದರೆ 3/2 × 4 ಮಾಡಿದ್ದಾನೆ. 4ರ ಕೆಳಗೆ ಏನೂ ಇಲ್ಲ, ಉಲ್ಟಾ ಮಾಡಲು ಅಲ್ಲಿ ಏನೂ ಕಾಣಲಿಲ್ಲ, ಆದ್ದರಿಂದ ಉಲ್ಟಾ ಮಾಡಲು ಬರುವ ⅔ ಅನ್ನೇ ತಿರುಗಿಸಿದ. ನಿಯಮವನ್ನು ಮಾತ್ರ ಕಲಿತ ಮಕ್ಕಳಲ್ಲಿ ಈ ತಪ್ಪನ್ನು ಬಹಳ ನೋಡಿದ್ದೇನೆ. 4ನ್ನು 4/1 ಅಂತ ಬರೆಸಿದರೆ ಅದು ತಿರುಗಿ 1/4 ಆಗುತ್ತದೆ, 2/3 × 1/4 = 2/12, ಅಂದರೆ 1/6. ಆದರೆ ಅದಕ್ಕೂ ಮೊದಲು ‘ಜಾಸ್ತಿನಾ ಕಮ್ಮಿನಾ’ ಪ್ರಶ್ನೆ ಕೇಳಿದ್ದರೆ ಅವನೇ ಹಿಡಿಯುತ್ತಿದ್ದ. 4 ಒಂದಕ್ಕಿಂತ ದೊಡ್ಡದು, ಉತ್ತರ ⅔ ಗಿಂತ ಕಡಿಮೆ ಬರಬೇಕು. ಮುಕ್ಕಾಲು ಎಕರೆಯೂ ಇಲ್ಲದ ಜಮೀನನ್ನು ಹಂಚಿದರೆ ಒಬ್ಬೊಬ್ಬರಿಗೆ ಆರು ಎಕರೆ ಹೇಗೆ ಬಂದೀತು!

ಫೋಟೋದಲ್ಲಿ ಇನ್ನೊಂದು ಕಂಡಿತು, ನೀವು ಅದರ ಬಗ್ಗೆ ಕೇಳಿಲ್ಲ. ಆರನೇ ಲೆಕ್ಕ 8/9 ÷ 2/3. ಅವನು ಮೇಲಿನದನ್ನು ಮೇಲಿನದರಿಂದ, ಕೆಳಗಿನದನ್ನು ಕೆಳಗಿನದರಿಂದ ಭಾಗಿಸಿ 4/3 ಬರೆದಿದ್ದಾನೆ. ಯಾರೋ ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ. ಅದು ಸರಿಯಾದ ಉತ್ತರ. ಹಾಗೆ ಮಾಡಬಾರದು ಅನ್ನುವುದು ಒಂದು ತಪ್ಪು ನಂಬಿಕೆ. ಗುಣಿಸುವಾಗ ಮೇಲಿನದನ್ನು ಮೇಲಿನದರಿಂದ, ಕೆಳಗಿನದನ್ನು ಕೆಳಗಿನದರಿಂದ ಗುಣಿಸುತ್ತೇವೆ. ಭಾಗಿಸುವುದು ಅದರ ವಾಪಸ್ ದಾರಿ, ಇಲ್ಲೂ ಅದು ನಡೆಯುತ್ತದೆ. ತೊಂದರೆ ಏನೆಂದರೆ 8/9 ÷ 2/3 ರಲ್ಲಿ ಎರಡೂ ಕಡೆ ಶೇಷವಿಲ್ಲದೆ ಭಾಗವಾಗುತ್ತದೆ. 5/7 ÷ 2/3 ಬಂದರೆ ಮೇಲೆ 5 ÷ 2, ಕೆಳಗೆ 7 ÷ 3 ಅಂತ ಭಿನ್ನರಾಶಿಯೊಳಗೆ ಭಿನ್ನರಾಶಿ ಸಿಕ್ಕಿಕೊಳ್ಳುತ್ತದೆ. ತಪ್ಪಲ್ಲ, ಅನುಕೂಲವಿಲ್ಲ, ಅಷ್ಟೇ. ಶಾಲೆಯಲ್ಲಿ ಕೇಳುವುದಾದರೆ 4/3 ರನ್ನು 2/3 ರಿಂದ ಗುಣಿಸಿ 8/9 ಬರುವುದನ್ನು ತೋರಿಸಿ ವಿನಯದಿಂದ ಕೇಳಿ.

ಹಾಗಾದರೆ ಮನೆಯಲ್ಲಿ ಯಾವ ದಾರಿಯಲ್ಲಿ ಹೇಳಿಕೊಡುವುದು? ನಾನಾದರೆ ಮೊದಲು ಛೇದ ಒಂದು ಮಾಡುವ ದಾರಿ ಹಿಡಿಸುತ್ತೇನೆ. ನಿಧಾನ, ಆದರೆ ಪ್ರತಿ ಹೆಜ್ಜೆಯಲ್ಲೂ ಏನು ನಡೆಯುತ್ತಿದೆ ಅಂತ ಹುಡುಗನಿಗೆ ಕಾಣುತ್ತದೆ. ಛೇದಗಳು ದೊಡ್ಡದಾದಾಗ, ಉದಾಹರಣೆಗೆ 5/12 ಮತ್ತು 7/18, ಲ.ಸಾ.ಅ. ತೆಗೆಯುವುದರಲ್ಲೇ ಸಮಯ ಹೋಗುತ್ತದೆ ಮತ್ತು ಅಲ್ಲೇ ತಪ್ಪೂ ಆಗುತ್ತದೆ. ಅಂಥ ನಾಲ್ಕಾರು ಲೆಕ್ಕ ಮಾಡಿ ಅವನಿಗೇ ಬೇಜಾರು ಬಂದಾಗ ‘ಒಂದರಲ್ಲಿ ಎಷ್ಟು’ ದಾರಿಯಿಂದ ಉಲ್ಟಾ ಮಾಡುವುದನ್ನು ತೋರಿಸಿ. ಆಗ ಅದು ಅವನಿಗೆ ಬೇಕಾದ ಸಹಾಯವಾಗಿ ಬರುತ್ತದೆ.

ನಾಳೆಯೇ ಪರೀಕ್ಷೆ ಇದ್ದರೆ ಬೇರೆ ಮಾತು. ಆಗ ನಿಯಮವನ್ನೇ ಹೇಳಿಕೊಟ್ಟು ಕಳಿಸಿ, ತಪ್ಪೇನಿಲ್ಲ. ಆದರೆ ನಿಯಮ ಮಾತ್ರ ಗೊತ್ತಿರುವ ಹುಡುಗ ಎರಡು ಕಡೆ ಎಡವುತ್ತಾನೆ ಅಂತ ತಿಳಿದಿರಲಿ. ಒಂದು, ತಿರುಗಿಸುವ ಮೊದಲೇ ಕ್ಯಾನ್ಸಲ್ ಮಾಡುವುದು. 3/8 ÷ 2/3 ರಲ್ಲಿ ಎದುರುಬದುರು 3 ಕಾಣುತ್ತದೆ, ಆಸೆಯಿಂದ ಎರಡನ್ನೂ ಹೊಡೆದುಹಾಕಿ 1/8 ÷ 2 ಮಾಡಿ 1/16 ಬರೆಯುತ್ತಾನೆ. ಸರಿ ಉತ್ತರ 3/8 × 3/2, ಅಂದರೆ 9/16. ÷ ಇರುವವರೆಗೆ ಓರೆಯಾಗಿ ಹೊಡೆಯುವ ಹಾಗಿಲ್ಲ, × ಬಂದ ಮೇಲೆ ಹೊಡೆಯಬಹುದು. ಇನ್ನೊಂದು, ಮಿಶ್ರ ಭಿನ್ನರಾಶಿಯಲ್ಲಿ ಬರೀ ಭಿನ್ನರಾಶಿ ಭಾಗವನ್ನು ತಿರುಗಿಸುವುದು. 1⅔ ರಿಂದ ಭಾಗಿಸಬೇಕಾದಾಗ 1ನ್ನು ಹಾಗೇ ಬಿಟ್ಟು ⅔ ಅನ್ನು 3/2 ಮಾಡುತ್ತಾನೆ. ಮೊದಲು 5/3 ಮಾಡಿಕೊಂಡು, ಆಮೇಲೆ 3/5 ಮಾಡಬೇಕು.

ಶಾಲೆಯ ಹಾಳೆಯಲ್ಲಿ ಮಾತ್ರ ಟೀಚರ್ ಹೇಳಿದ ಕ್ರಮದಲ್ಲೇ ಬರೆಯಲಿ. ಹಂತಗಳಿಗೆ ಅಂಕ ಇರುತ್ತದೆ. ಚೌಕದ ಚಿತ್ರ, ಪಾವಿನ ಲೆಕ್ಕ ಎಲ್ಲ ರಫ್ ಪುಸ್ತಕದಲ್ಲಿ ಇರಲಿ. ಚಿತ್ರಕ್ಕೂ ಒಂದು ಮಿತಿ ಇದೆ. 5/7 ÷ 2/3 ಗೆ ಚಿತ್ರ ಬಿಡಿಸಲು ಕೂತರೆ ಇಪ್ಪತ್ತೊಂದು ಚೌಕ ಬೇಕು, ಹುಡುಗ ಲೆಕ್ಕ ಮರೆತು ಚಿತ್ರದಲ್ಲೇ ಮುಳುಗುತ್ತಾನೆ. ಎರಡು, ಮೂರು, ನಾಲ್ಕು, ಆರು, ಎಂಟು ಇಂಥ ಛೇದಗಳಿಗೆ ಚಿತ್ರ, ಅದರಾಚೆಗೆ ಅಂಕಿ.

ಅಭ್ಯಾಸಕ್ಕೆ ಜಾಸ್ತಿ ಲೆಕ್ಕ ಕೊಡಬೇಡಿ. ಒಂದು ದಿನಕ್ಕೆ ಮೂರು ಸಾಕು, ಆದರೆ ಈ ಕ್ರಮದಲ್ಲಿ ಕೊಡಿ. ಮೊದಲು 2 ÷ ⅓. ಇದು 6, ಅಳೆದೇ ಹೇಳಬಹುದು. ಆಮೇಲೆ ½ ÷ ¾. ಇದರಲ್ಲಿ ಅವನು ತಡವರಿಸುತ್ತಾನೆ, ಯಾಕೆಂದರೆ ಇರುವ ಮಂಡಕ್ಕಿ ಒಂದು ಪೊಟ್ಟಣಕ್ಕೂ ಸಾಲದು. ಎರಡು ಪಾವು ಇದೆ, ಪೊಟ್ಟಣಕ್ಕೆ ಮೂರು ಪಾವು ಬೇಕು, ಪೊಟ್ಟಣದ ⅔ ತುಂಬುತ್ತದೆ. ಭಾಜಕ 1ಕ್ಕಿಂತ ಸಣ್ಣದು, ಹಾಗಾಗಿ ಉತ್ತರ ½ ಗಿಂತ ಜಾಸ್ತಿ ಬಂದಿದೆ, ಆದರೂ 1 ಮುಟ್ಟಿಲ್ಲ. ‘ಜಾಸ್ತಿ’ ಅಂದರೆ ಮೊದಲ ಸಂಖ್ಯೆಗಿಂತ ಜಾಸ್ತಿ ಅಂತ ಮಾತ್ರ ಅರ್ಥ ಅನ್ನುವುದು ಇಲ್ಲಿ ತಿಳಿಯುತ್ತದೆ.

ಮೂರನೆಯದು 1¾ ÷ ⅔. ಇದಕ್ಕೆ ಪಾವು ಸಾಲುವುದಿಲ್ಲ, ಸೇರನ್ನು ಹನ್ನೆರಡು ಪಾಲು ಮಾಡಿಕೊಳ್ಳಬೇಕು ಅನ್ನುವುದನ್ನು ಅವನೇ ಕಂಡುಹಿಡಿಯಲಿ. 1¾ ಅಂದರೆ 21 ಪಾಲು, ⅔ ಅಂದರೆ 8 ಪಾಲು. 21ರಲ್ಲಿ 8 ಎರಡು ಸಲ, ಐದು ಪಾಲು ಉಳಿಯುತ್ತದೆ. ಅವನು 2 5/12 ಅಂತ ಬರೆದರೆ ಉಳಿದದ್ದನ್ನು ಮತ್ತೆ ಸೇರಿನಲ್ಲೇ ಹೇಳಿದ್ದಾನೆ ಅಂತ ಅರ್ಥ, ಹತ್ತು ಚೌಕದ ಆ ಹಳೆಯ ಚಿತ್ರ ತೆಗೆದು ಇನ್ನೊಂದು ಸಲ ಕೂತುಕೊಳ್ಳಿ. 2 5/8 ಅಂತ ಬರೆದು, ಎಂಟು ಯಾಕೆ ಅಂತ ಕೇಳಿದಾಗ ‘ಪೊಟ್ಟಣಕ್ಕೆ ಎಂಟು ಪಾಲು ಬೇಕಲ್ಲಮ್ಮ’ ಅಂದರೆ, ವರ್ಕ್‌ಶೀಟ್‌ನಲ್ಲಿ ಉಳಿದ ಲೆಕ್ಕಗಳನ್ನು ಅವನೊಬ್ಬನಿಗೇ ಬಿಡಬಹುದು.